ವಿನ್ಯಾಸ ಏಜೆನ್ಸಿಗೆ ಮೊದಲ ಇಮೇಲ್: ಏನು ಬರೆಯಬೇಕು, ಏನು ಬಿಡಬೇಕು

ಕಂಪನಿಯ ಲೋಗೊ, ಬಣ್ಣ, ಅಕ್ಷರಶೈಲಿ ಎಲ್ಲವನ್ನೂ ಹೊಸದಾಗಿ ಮಾಡಿಸುವುದೆಂದು ತೀರ್ಮಾನವಾದ ಮೇಲೆ ಮಾರ್ಕೆಟಿಂಗ್ ಮುಖ್ಯಸ್ಥರು ವಿನ್ಯಾಸ ಏಜೆನ್ಸಿಗೆ ಒಂದು ಇಮೇಲ್ ಬರೆಯುತ್ತಾರೆ. ಈ ವೃತ್ತಿಯಲ್ಲಿ ಅದನ್ನು ಬ್ರೀಫ್ ಎನ್ನುತ್ತಾರೆ. ಮುಂದೆ ತಿಂಗಳುಗಟ್ಟಲೆ ನಡೆಯುವ ಕೆಲಸ, ಅದಕ್ಕೆ ಸುರಿಯುವ ಹಣ ಎರಡೂ ಆ ಒಂದೆರಡು ಪುಟಗಳನ್ನು ನಂಬಿಕೊಂಡಿರುತ್ತವೆ. ಹಾಗಿದ್ದೂ ಬಹುಪಾಲು ಬ್ರೀಫ್‌ಗಳು ಮೊದಲ ಸಾಲಿನಲ್ಲೇ ಕೆಡುತ್ತವೆ. 'ನಮಗೆ ಆಧುನಿಕವಾದ, ಸರಳವಾದ, ವಿಶ್ವಾಸ ಮೂಡಿಸುವ ಗುರುತು ಬೇಕು' ಎಂಬುದು ಆ ಸಾಲು. ಹಳತಾದ, ಗೋಜಲಾದ, ಅನುಮಾನ ಹುಟ್ಟಿಸುವ ಗುರುತು ಬೇಕೆಂದು ಯಾರೂ ಕೇಳುವುದಿಲ್ಲ. ಆದ್ದರಿಂದ ಆ ಸಾಲಿನಿಂದ ವಿನ್ಯಾಸಕರಿಗೆ ತಿಳಿಯುವುದು ಏನೂ ಇಲ್ಲ.

ಮೊದಲು ತೊಂದರೆಯನ್ನು ಬರೆಯಿರಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನೀರು ಶುದ್ಧೀಕರಿಸುವ ಯಂತ್ರಗಳನ್ನು ಅಂಗಡಿಗಳ ಮೂಲಕ ಮಾರುತ್ತಿದ್ದ ಕಂಪನಿಯೊಂದು ಈಗ ಅದೇ ಯಂತ್ರಗಳನ್ನು ಮನೆಗಳಿಗೆ ತಿಂಗಳ ಬಾಡಿಗೆಗೆ ಕೊಡುತ್ತಿದೆ. ಫಿಲ್ಟರ್ ಬದಲಿಸುವುದು, ದುರಸ್ತಿ ಮಾಡುವುದು ಕಂಪನಿಯ ಸಿಬ್ಬಂದಿಯದೇ ಹೊಣೆ. ಅದರ ಮಾರ್ಕೆಟಿಂಗ್ ಮುಖ್ಯಸ್ಥರು ಹೀಗೆ ಬರೆಯಬಹುದು:

'ನಮ್ಮದು ಯಂತ್ರ ಮಾರುವ ಕಂಪನಿ ಎಂದೇ ಜನ ಈಗಲೂ ತಿಳಿದಿದ್ದಾರೆ. ತಿಂಗಳ ಬಿಲ್ ಬಂದಾಗ ಇದು ಯಾವುದರ ಹಣ ಎಂದು ಕೇಳಿ ಕರೆ ಮಾಡುತ್ತಾರೆ. ನಮ್ಮ ಸಿಬ್ಬಂದಿ ಬಾಗಿಲು ತಟ್ಟಿದಾಗ ಹೊರಗಿನ ಯಾರೋ ಮೆಕ್ಯಾನಿಕ್ ಎಂದು ತಿಳಿದು ಒಳಗೆ ಬಿಡಲು ಹಿಂಜರಿಯುತ್ತಾರೆ. ಬಾಗಿಲ ಹೊರಗೆ ನಿಂತವರು ನಮ್ಮವರೆಂದು ಒಳಗಿನವರಿಗೆ ತಕ್ಷಣ ತಿಳಿಯಬೇಕು. ಬಿಲ್ ನೋಡಿದ ಕೂಡಲೇ ಅದು ಸೇವೆಯ ಹಣವೆಂದು ಗೊತ್ತಾಗಬೇಕು.'

ಇದರಲ್ಲಿ ವಿನ್ಯಾಸದ ಮಾತೇ ಇಲ್ಲ ಎಂಬುದನ್ನು ಗಮನಿಸಿ. ಆದರೂ ಅನುಭವಿ ವಿನ್ಯಾಸಕರಿಗೆ ಇದು ಬೇಕಾದಷ್ಟಾಯಿತು. ಸಮವಸ್ತ್ರದ ಎದೆಯ ಮೇಲೆ ಗುರುತು ಎಷ್ಟು ದೊಡ್ಡದಿರಬೇಕು, ಬಾಗಿಲಿನ ಇಣುಕುಗಾಜಿನಿಂದ ನೋಡಿದರೆ ಬಣ್ಣ ತಿಳಿಯುತ್ತದೆಯೇ, ಬಿಲ್ಲಿನಲ್ಲಿ ಕಣ್ಣಿಗೆ ಮೊದಲು ಬೀಳಬೇಕಾದದ್ದು ಯಾವುದು ಎಂದು ಅವರು ಆಗಲೇ ಯೋಚಿಸತೊಡಗುತ್ತಾರೆ. ಬದಲಿಗೆ 'ನೀಲಿ ಬಣ್ಣದಲ್ಲಿ ನೀರಿನ ಹನಿಯ ಲೋಗೊ ಮಾಡಿಕೊಡಿ' ಎಂದು ಬರೆದರೆ ಹನಿ ಸಿಗುತ್ತದೆ, ಬಾಗಿಲ ಬಳಿಯ ತೊಂದರೆ ಹಾಗೇ ಉಳಿಯುತ್ತದೆ.

ಬರೆದದ್ದನ್ನು ಪರೀಕ್ಷಿಸಲು ಸುಲಭದ ದಾರಿಯಿದೆ. ನಿಮ್ಮ ಕಂಪನಿಯ ಹೆಸರಿರುವ ಕಡೆ ಪ್ರತಿಸ್ಪರ್ಧಿಯ ಹೆಸರು ಹಾಕಿ ಓದಿ. ಸಾಲು ಆಗಲೂ ಸರಿಯಾಗಿಯೇ ಕೇಳಿಸಿದರೆ ಅದನ್ನು ತೆಗೆದುಹಾಕಿ.

ಯಾವುದನ್ನು ಮುಟ್ಟಬಾರದು ಎಂದು ಹೇಳಿ

ಹೊಸತರ ಉತ್ಸಾಹದಲ್ಲಿ ಬಿಟ್ಟುಹೋಗುವ ಭಾಗ ಇದು. ನನ್ನ ಮಟ್ಟಿಗೆ ಇಡೀ ಇಮೇಲಿನಲ್ಲಿ ಹೆಚ್ಚು ಬೆಲೆಬಾಳುವುದೂ ಇದೇ. 2009ರ ಆರಂಭದಲ್ಲಿ ಅಮೆರಿಕದಲ್ಲಿ ಟ್ರಾಪಿಕಾನಾ ತನ್ನ ಕಿತ್ತಳೆ ರಸದ ಪೊಟ್ಟಣವನ್ನು ಪೂರ್ತಿ ಬದಲಿಸಿತು. ಸ್ಟ್ರಾ ಚುಚ್ಚಿದ ಕಿತ್ತಳೆ ಹಣ್ಣಿನ ಪರಿಚಿತ ಚಿತ್ರ ಹೋಗಿ ಅಲ್ಲಿ ರಸ ತುಂಬಿದ ಲೋಟ ಬಂತು. ಹೆಸರನ್ನು ಬರೆದ ರೀತಿಯೂ ಬದಲಾಯಿತು. ಅಂಗಡಿಯ ಕಪಾಟಿನಲ್ಲಿ ತಮಗೆ ಬೇಕಾದ ಪೊಟ್ಟಣವನ್ನು ಗುರುತಿಸಲಾಗುತ್ತಿಲ್ಲ ಎಂದು ಗ್ರಾಹಕರು ದೂರಿದರು, ಮಾರಾಟ ಸುಮಾರು ಶೇ 20ರಷ್ಟು ಕುಸಿಯಿತು ಎಂದು ವರದಿಯಾಯಿತು. ಕೆಲವೇ ವಾರಗಳಲ್ಲಿ ಕಂಪನಿ ಹಳೆಯ ಪೊಟ್ಟಣಕ್ಕೆ ಮರಳುವುದಾಗಿ ಹೇಳಿತು. ಜನ ಆ ರಸವನ್ನು ಗುರುತಿಸುತ್ತಿದ್ದುದೇ ಕಿತ್ತಳೆ ಹಣ್ಣಿನ ಚಿತ್ರದಿಂದ.

ಹಾಗಾಗಿ ಬ್ರೀಫ್ ಬರೆಯುವ ಮುನ್ನ ಒಂದಷ್ಟು ಗ್ರಾಹಕರನ್ನು ಮಾತಾಡಿಸಿ. ನಮ್ಮ ಲೋಗೊವನ್ನು ನೆನಪಿನಿಂದ ಬರೆದು ತೋರಿಸಿ ಎಂದು ಕೇಳಿ. ಹೆಚ್ಚಿನವರ ಕಾಗದದಲ್ಲಿ ಮೂಡುವ ಆಕಾರವೇ ನಿಮ್ಮ ಆಸ್ತಿ. ನೀರಿನ ಕಂಪನಿಯ ವಿಷಯದಲ್ಲಿ ಹನಿಯ ಚಿತ್ರ ಯಾರಿಗೂ ನೆನಪಿಲ್ಲ, ಯಂತ್ರದ ಹಸಿರು ಮುಚ್ಚಳ ಮಾತ್ರ ಎಲ್ಲರಿಗೂ ನೆನಪಿದೆ ಎಂದು ತಿಳಿದುಬಂತೆನ್ನಿ. ಆಗ ಇಮೇಲಿನಲ್ಲಿ ಹೀಗೆ ಬರುತ್ತದೆ: 'ಹಸಿರು ಉಳಿಯಬೇಕು. ಅದರ ಛಾಯೆ ತುಸು ಬದಲಾದರೆ ಅಡ್ಡಿಯಿಲ್ಲ. ಹನಿಯನ್ನು ಬಿಡುವ ಸ್ವಾತಂತ್ರ್ಯ ನಿಮಗಿದೆ. ಕಂಪನಿಯ ಹೆಸರು ಬದಲಾಗುವುದಿಲ್ಲ.'

ಎಲ್ಲೆಲ್ಲಿ ಕಾಣಿಸಿಕೊಳ್ಳುತ್ತದೆ

ಗುರುತು ಬಳಕೆಯಾಗುವ ಜಾಗಗಳನ್ನು ಹೆಸರಿಸಿ, ಈಗ ಬಳಸುತ್ತಿರುವ ಮಾದರಿಗಳ ಫೋಟೊ ಲಗತ್ತಿಸಿ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಬೇಕಾಗಿಲ್ಲ, ತುಂಬ ಕಷ್ಟದ ಜಾಗಗಳನ್ನು ಹೇಳಿದರೆ ಸಾಕು. ಬ್ರೌಸರ್ ಟ್ಯಾಬಿನ ಐಕಾನ್ 16 ಪಿಕ್ಸೆಲ್ ಅಗಲಕ್ಕೆ ಇಳಿಯುತ್ತದೆ. ಅಲ್ಲಿ ತೆಳುಗೆರೆಗಳು ಕಲಸಿಹೋಗುತ್ತವೆ. ಬಿಲ್ ಕಪ್ಪು ಶಾಯಿಯಲ್ಲಿ ಮಾತ್ರ ಮುದ್ರಣವಾಗುವುದಾದರೆ ಬಣ್ಣದ ಏರಿಳಿತವನ್ನೇ ನೆಚ್ಚಿದ ಲೋಗೊ ಅಲ್ಲಿ ಕೆಲಸಕ್ಕೆ ಬಾರದು. ಸಮವಸ್ತ್ರದ ಮೇಲೆ ಕಸೂತಿ ಹಾಕುವಾಗ ಸಣ್ಣ ಅಕ್ಷರಗಳ ಹೊಟ್ಟೆ ದಾರದಿಂದ ಮುಚ್ಚಿಹೋಗುತ್ತದೆ. ಇವನ್ನು ಮೊದಲೇ ಹೇಳದಿದ್ದರೆ ಪರದೆಯ ಮೇಲೆ ಎಲ್ಲರೂ ಮೆಚ್ಚಿ ಒಪ್ಪಿದ ವಿನ್ಯಾಸವನ್ನು ಮುದ್ರಣದ ಹಂತದಲ್ಲಿ ಮತ್ತೆ ತಿದ್ದಬೇಕಾಗುತ್ತದೆ. ಹೆಸರನ್ನು ಒಂದಕ್ಕಿಂತ ಹೆಚ್ಚು ಲಿಪಿಗಳಲ್ಲಿ ಬರೆಯುವುದಿದ್ದರೆ ಅದನ್ನೂ ಆರಂಭದಲ್ಲೇ ತಿಳಿಸಿ. ಎರಡನೆಯ ಲಿಪಿಯನ್ನು ಆಮೇಲೆ ಸೇರಿಸಿದರೆ ಅದು ಅಂಟಿಸಿದಂತೆಯೇ ಕಾಣುತ್ತದೆ.

ಒಪ್ಪಿಗೆ ಯಾರದು

ಇಲ್ಲಿ ನೇರವಾಗಿರಿ. 'ಅಂತಿಮ ತೀರ್ಮಾನ ವ್ಯವಸ್ಥಾಪಕ ನಿರ್ದೇಶಕರದು. ಅವರು ಮೊದಲ ಪ್ರಸ್ತುತಿಗೇ ಬರುತ್ತಾರೆ. ಎಲ್ಲರ ಅಭಿಪ್ರಾಯಗಳನ್ನು ಒಟ್ಟುಗೂಡಿಸಿ ನಾನೊಬ್ಬಳೇ ನಿಮಗೆ ಬರೆದು ಕಳಿಸುತ್ತೇನೆ' ಎಂದು ಬರೆಯಿರಿ. ಕೊನೆಯ ಹಂತದಲ್ಲಿ ಮೊದಲ ಸಲ ವಿನ್ಯಾಸ ನೋಡುವ ಹಿರಿಯರಿಗೆ ಅದುವರೆಗಿನ ಕಾರಣಗಳು ತಿಳಿದಿರುವುದಿಲ್ಲ, ಅವರ ಮುಂದಿರುವುದು ಇಷ್ಟ ಅಥವಾ ಇಷ್ಟವಿಲ್ಲ ಎಂಬ ಎರಡೇ ಉತ್ತರ. ನಾಲ್ಕು ವಿಭಾಗಗಳು ಬೇರೆ ಬೇರೆಯಾಗಿ ಏಜೆನ್ಸಿಗೆ ಸಲಹೆ ಕಳಿಸಿದರೆ ನಾಲ್ವರಿಗೂ ಅಷ್ಟಿಷ್ಟು ಹಿಡಿಸುವ, ಯಾರ ತೊಂದರೆಯನ್ನೂ ನೀಗದ ವಿನ್ಯಾಸ ಬರುತ್ತದೆ.

ಹಣದ ಗರಿಷ್ಠ ಮಿತಿಯನ್ನೂ ತಿಳಿಸಿ. ಅದನ್ನು ಮುಚ್ಚಿಟ್ಟರೆ ಚೌಕಾಸಿಗೆ ಅನುಕೂಲ ಎಂಬ ನಂಬಿಕೆ ಬಹಳ ಕಡೆ ಇದೆ, ನಾನು ಒಪ್ಪುವುದಿಲ್ಲ. ಮಿತಿ ಗೊತ್ತಿಲ್ಲದ ಏಜೆನ್ಸಿ ನಿಮಗೆ ನಿಲುಕದ ಯೋಜನೆ ತಯಾರಿಸುತ್ತದೆ, ಇಬ್ಬರಿಗೂ ವಾರಗಳು ವ್ಯರ್ಥ. ಎಷ್ಟು ಸುತ್ತು ತಿದ್ದುಪಡಿ, ಯಾವ ದಿನಾಂಕಕ್ಕೆ ಏನು ಬೇಕು ಎಂಬುದಕ್ಕೆ ಒಂದೊಂದು ಸಾಲು ಸಾಕು.

ಹಕ್ಕುಗಳ ವಿಷಯವನ್ನು ಒಪ್ಪಂದದ ವರೆಗೆ ಮುಂದೂಡಬೇಡಿ. ಹಣ ಕೊಟ್ಟ ಮಾತ್ರಕ್ಕೆ ವಿನ್ಯಾಸದ ಕೃತಿಸ್ವಾಮ್ಯ ಕಂಪನಿಗೆ ಬರುತ್ತದೆ ಎಂದು ಹೇಳಲಾಗದು. ಅನೇಕ ದೇಶಗಳಲ್ಲಿ ಅದನ್ನು ಲಿಖಿತವಾಗಿ ವರ್ಗಾಯಿಸಬೇಕು. ಫಾಂಟ್‌ಗಳ ಪರವಾನಗಿ ಬೇರೆಯೇ ಲೆಕ್ಕ. ಕಂಪ್ಯೂಟರಿನಲ್ಲಿ ಬಳಸಲು ಕೊಂಡ ಪರವಾನಗಿ ಜಾಲತಾಣಕ್ಕೆ, ಮೊಬೈಲ್ ಆ್ಯಪ್‌ಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಟ್ರೇಡ್‌ಮಾರ್ಕ್ ಶೋಧನೆಯನ್ನು ಯಾರು ಮಾಡಿಸಬೇಕು, ಯಾವ ಹಂತದಲ್ಲಿ ಎಂಬುದನ್ನೂ ಸೇರಿಸಿ. ಅಂತಿಮ ಆಯ್ಕೆಗೆ ಮುನ್ನ ಮಾಡಿಸಿದರೆ ಒಳ್ಳೆಯದು.

ಕಳಿಸಿದ ಮೇಲೆ

ಇಮೇಲಿನ ಕೊನೆಯಲ್ಲಿ ಒಂದು ಕೋರಿಕೆ ಇರಲಿ: 'ಚಿತ್ರ ಬಿಡಿಸಲು ಕೂರುವ ಮೊದಲು, ನಮ್ಮ ತೊಂದರೆ ನಿಮಗೆ ಹೇಗೆ ಅರ್ಥವಾಯಿತು ಎಂದು ನಿಮ್ಮ ಮಾತಿನಲ್ಲೇ ಒಂದು ಪುಟ ಬರೆದು ಕಳಿಸಿ.' ಉತ್ತರ ಬಂದಾಗ ಗಮನವಿಟ್ಟು ಓದಿ. ನಿಮ್ಮ ವಾಕ್ಯಗಳನ್ನೇ ನಕಲು ಮಾಡಿದ್ದರೆ ವಿಷಯ ಇನ್ನೂ ತಲೆಗೆ ಹೋಗಿಲ್ಲ ಎಂದರ್ಥ. ಫೋನ್ ಮಾಡಿ ಮಾತನಾಡಿ. ನೀವು ಬರೆಯದ ಪ್ರಶ್ನೆಯೊಂದನ್ನು ಅವರು ಎತ್ತಿದ್ದರೆ ಅದು ಒಳ್ಳೆಯ ಲಕ್ಷಣ. ನೀರಿನ ಕಂಪನಿಗಾದರೆ 'ಬಾಗಿಲು ತಟ್ಟುವ ಮೊದಲು ಗ್ರಾಹಕರ ಮೊಬೈಲಿಗೆ ಸಂದೇಶ ಹೋಗುತ್ತದೆಯೇ? ಸಿಬ್ಬಂದಿಯ ಫೋಟೊ ಅದರಲ್ಲಿ ಇರುತ್ತದೆಯೇ?' ಎಂದು ಅವರು ಕೇಳಬಹುದು. ಉತ್ತರ ಗೊತ್ತಿಲ್ಲದಿದ್ದರೆ ಸೇವಾ ವಿಭಾಗದಿಂದ ತಿಳಿದುಕೊಂಡು ಬ್ರೀಫ್‌ಗೆ ಸೇರಿಸಿ, ತಿದ್ದಿದ ಪ್ರತಿಯನ್ನು ಎಲ್ಲರಿಗೂ ಕಳಿಸಿ. ಕೆಲಸ ಆ ಪ್ರತಿಯಿಂದಲೇ ಶುರುವಾಗಬೇಕು.