ಸ್ವಾಮಿಗಳ ಬಾಯಿಗಿಂತ ಮೊದಲು ಬಂದ ಮಾತು

ಕಲಬುರಗಿಯಲ್ಲಿ ಮದುವೆ ವಿಡಿಯೋ ಎಡಿಟ್ ಮಾಡೋದು ನನ್ನ ಕೆಲಸ. ಹೋದ ಸೀಜನ್‌ನಲ್ಲಿ ಒಂದು ಮದುವೆಯ ಪೆನ್‌ಡ್ರೈವ್ ಕೊಟ್ಟ ಮೂರನೇ ದಿನ ಚಿತ್ತಾಪುರದಿಂದ ಫೋನ್ ಬಂತು. ಹುಡುಗಿಯ ಕಾಕಾ.

"ತಮ್ಮಾ, ಹಾಡು ಎಲ್ಲಾ ಛಂದ ಬಂದಾವ. ಆದ್ರ ಆಶೀರ್ವಚನದಾಗ ಸ್ವಾಮಿಗಳು ಬಾಯಿ ತೆರಿಯೋ ಮೊದಲೇ ಮಾತು ಬರ್ಲಾಕತ್ತದ. ಹಿಂಗ್ಯಾಕ?"

ನಿಮ್ಮ ಟಿವಿಯದ್ದೇ ದೋಷ ಇರಬೇಕು ಕಾಕಾ ಅಂದೆ. ಫೋನ್ ಇಟ್ಟು ಲ್ಯಾಪ್‌ಟಾಪ್‌ನಲ್ಲಿ ಪ್ರಾಜೆಕ್ಟ್ ತೆರೆದೆ, ಕಿವಿಗೆ ಬ್ಲೂಟೂತ್ ಇಯರ್‌ಬಡ್ಸ್ ಹಾಕಿಕೊಂಡು ನೋಡಿದೆ. ತುಟಿ, ಮಾತು ಎರಡೂ ಬರಾಬರಿ. ಸುಮ್ನೆ ಒಂದು ಬಡ್ ತೆಗೆದು ಕೇಸ್‌ನಲ್ಲಿಟ್ಟೆ. ಎರಡನೆಯದನ್ನೂ ಇಟ್ಟೆ. ಲ್ಯಾಪ್‌ಟಾಪಿನ ಸ್ಪೀಕರ್ ಮಾತಾಡಲು ಶುರು ಮಾಡಿತು. ಕಾಕಾ ಹೇಳಿದ್ದು ಖರೇ. ಮಾತು ಮುಂದೆ ಓಡುತ್ತಿತ್ತು, ತುಟಿ ಹಿಂದೆ ಬೀಳುತ್ತಿತ್ತು.

ಆಗಿದ್ದು ಇಷ್ಟು. ಆಶೀರ್ವಚನದ ಧ್ವನಿಯನ್ನು ನಾವು ಬೇರೆ ರೆಕಾರ್ಡರ್‌ನಲ್ಲಿ ಹಿಡಿದಿದ್ದೆವು. ಅದನ್ನು ಕ್ಯಾಮೆರಾದ ಚಿತ್ರಕ್ಕೆ ಕೂಡಿಸಬೇಕು. ನನ್ನ ವೈರ್ ಹೆಡ್‌ಫೋನ್ ಬುಡದಲ್ಲೇ ಮುರಿದಿತ್ತು, ಹೊಸ ಇಯರ್‌ಬಡ್ಸ್ ಹಾಕಿಕೊಂಡು ಕೂತೆ. ಧ್ವನಿ ಸ್ವಲ್ಪ ತಡವಾಗಿ ಬರುತ್ತಿದೆ ಅನ್ನಿಸಿತು. ಬೇಗ ಬರಲಿ ಅಂತ ಟೈಮ್‌ಲೈನ್‌ನಲ್ಲಿ ಅದನ್ನು 5 ಫ್ರೇಮ್ ಮುಂದಕ್ಕೆ ಎಳೆದೆ. ತುಟಿಗೆ ಸರಿಯಾಗಿ ಕೂತಿತು. ನಾವು ಸೆಕೆಂಡಿಗೆ 25 ಫ್ರೇಮ್‌ನಲ್ಲಿ ಕೆಲಸ ಮಾಡುತ್ತೇವೆ, ಅಂದರೆ ಒಂದು ಫ್ರೇಮ್‌ಗೆ 40 ಮಿಲಿಸೆಕೆಂಡ್. 5 ಫ್ರೇಮ್ ಅಂದರೆ 200. ಸರಿಯಾಗಿದ್ದ ಧ್ವನಿಯನ್ನು ನಾನೇ ಕೈಯಾರೆ ಕೆಡಿಸಿದ್ದೆ. ತಡ ಇದ್ದದ್ದು ಫೈಲಿನಲ್ಲಲ್ಲ, ನನ್ನ ಕಿವಿಯಲ್ಲಿ.

ಅನುಮಾನ ಬರದಿದ್ದಕ್ಕೆ ಒಂದು ಕಾರಣ, ಅದೇ ಬಡ್ಸ್‌ನಲ್ಲಿ ವಾರವಿಡೀ ಹಾಡು ಕೇಳಿದ್ದೆ. ಏನೂ ತೊಂದರೆ ಇರಲಿಲ್ಲ. ಇರೋದೂ ಇಲ್ಲ. ಹಾಡು 200 ಮಿಲಿಸೆಕೆಂಡ್ ತಡವಾಗಿ ಶುರುವಾದರೆ ಪೂರ್ತಿ ಹಾಡೇ ಅಷ್ಟು ತಡವಾಗಿ ಸಾಗುತ್ತದೆ. ಪಕ್ಕದಲ್ಲಿಟ್ಟು ಹೋಲಿಸಲು ಏನೂ ಇಲ್ಲ. ತುಟಿ ಕಂಡಾಗ ಮಾತ್ರ ಹೋಲಿಕೆ ಹುಟ್ಟುತ್ತದೆ.

ತಡ ಯಾಕೆ ಆಗುತ್ತದೆ ಅನ್ನೋದಕ್ಕೆ ನಮ್ಮೂರಿನವರಿಗೆ ನೀರಿನ ಟಾಕಿಯ ಉದಾಹರಣೆ ಸಾಕು. ನಳ ಯಾವಾಗ ಬರುತ್ತದೋ ಗೊತ್ತಿಲ್ಲ, ಬಂದಾಗ ಟಾಕಿ ತುಂಬಿಸಿ ಇಟ್ಟುಕೊಳ್ಳುತ್ತೇವೆ. ಹಾಗಾಗಿ ಬಚ್ಚಲಲ್ಲಿ ನೀರು ಒಂದೇ ಸಮ ಬೀಳುತ್ತದೆ. ಬ್ಲೂಟೂತ್ ಕೂಡ ಹೀಗೆಯೇ. ಧ್ವನಿಯನ್ನು ಫೋನ್ ಮೊದಲು ಕುಗ್ಗಿಸಿ ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಗಾಳಿಯಲ್ಲಿ ಕಳಿಸುತ್ತದೆ. ವೈಫೈ ಓಡುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಇದೂ ಓಡುತ್ತದೆ. ದಾರಿಯಲ್ಲಿ ಕೆಲವು ಪೊಟ್ಟಣ ಕೆಡುತ್ತವೆ, ಮತ್ತೆ ಕಳಿಸಬೇಕಾಗುತ್ತದೆ. ಅದು ಬರುವವರೆಗೆ ಹಾಡು ನಿಲ್ಲಬಾರದಲ್ವಾ? ಅದಕ್ಕೆ ಬಡ್ಸ್ ಒಳಗೆ ಒಂದು ಸಣ್ಣ ಟಾಕಿ ಇದೆ, ಬಫರ್ ಅಂತಾರೆ. ಈಗ ಒಳಗೆ ಬಿದ್ದ ಧ್ವನಿ, ಮೊದಲೇ ಇದ್ದದ್ದು ಖಾಲಿಯಾದ ಮೇಲೆಯೇ ಹೊರಗೆ ಬರೋದು. ಟಾಕಿ ದೊಡ್ಡದಾದಷ್ಟೂ ಹಾಡು ತುಂಡಾಗೋದು ಕಡಿಮೆ, ತಡ ಜಾಸ್ತಿ. ಕುಗ್ಗಿಸುವ, ಬಿಡಿಸುವ ಕೆಲಸಕ್ಕೂ ಸ್ವಲ್ಪ ಹೊತ್ತು ಹೋಗುತ್ತದೆ, ಆದರೆ ದೊಡ್ಡ ಪಾಲು ಸಾಮಾನ್ಯವಾಗಿ ಈ ಟಾಕಿಯದ್ದೇ.

ಮತ್ತೆ ಇದೇ ತಪ್ಪು ಆಗಬಾರದು ಅಂತ ನನ್ನ ಬಡ್ಸ್‌ನ ತಡ ಎಷ್ಟು ಅಂತ ಅಳೆದೆ. ಎರಡು ಸೆಕೆಂಡಿಗೊಮ್ಮೆ ಪರದೆ ಬೆಳ್ಳಗೆ ಮಿಂಚಿ, ಅದೇ ಕ್ಷಣಕ್ಕೆ ಬೀಪ್ ಅನ್ನುವ ಒಂದು ವಿಡಿಯೋ ಬೇಕಿತ್ತು. ಟರ್ಮಿನಲ್‌ನಲ್ಲಿ ffmpeg ಅನ್ನೋ ಪ್ರೋಗ್ರಾಂಗೆ ಹೀಗೆ ಬರೆದು ಮಾಡಿಕೊಂಡೆ:

```
ffmpeg -f lavfi -i "color=c=black:s=640x360:r=60:d=60" \
 -f lavfi -i "aevalsrc='sin(2*PI*1000*t)*lt(mod(t,2),0.06)':d=60" \
 -vf "drawbox=c=white:t=fill:enable='lt(mod(t,2),0.06)'" \
 -pix_fmt yuv420p flash.mp4
```

ಇದನ್ನು ಎಡಿಟಿಂಗ್ ಸಾಫ್ಟ್‌ವೇರ್‌ಗೆ ಹಾಕಿ ಪ್ಲೇ ಮಾಡಿದೆ. ಇನ್ನೊಂದು ಫೋನಿನಿಂದ ಪರದೆಯನ್ನು ಸೆಕೆಂಡಿಗೆ 60 ಫ್ರೇಮ್‌ನಲ್ಲಿ ಶೂಟ್ ಮಾಡಿದೆ. ಬಡ್ ಅನ್ನು ಆ ಫೋನಿನ ಮೈಕ್ ತೂತಿಗೆ ತಾಗಿಸಿ ಹಿಡಿಯಬೇಕು, ಇಲ್ಲದಿದ್ದರೆ ಬೀಪ್ ಕೇಳಿಸುವುದೇ ಇಲ್ಲ. ಸ್ಲೋ ಮೋಷನ್ ಬೇಡ, ಅದರಲ್ಲಿ ಧ್ವನಿಯನ್ನು ನಂಬೋದು ಕಷ್ಟ. ಆಮೇಲೆ ಆ ಶೂಟ್ ಆದ ಕ್ಲಿಪ್ ತೆರೆದು, ಪರದೆ ಬೆಳ್ಳಗಾದ ಫ್ರೇಮ್‌ನಿಂದ ಧ್ವನಿಯ ಗೆರೆ ಎದ್ದ ಜಾಗದವರೆಗೆ ಫ್ರೇಮ್ ಎಣಿಸಿದೆ.

ಮೊದಲು ಬಡ್ಸ್ ಇಲ್ಲದೆ, ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ ಎಣಿಸಿದೆ. 1 ಫ್ರೇಮ್ ಬಂತು. ಅದು ಪರದೆ, ಶೂಟ್ ಮಾಡಿದ ಫೋನ್ ಎರಡೂ ಸೇರಿದ ಅಡ್ಡ ಲೆಕ್ಕ, ಕಳೆಯಬೇಕು. ಈ ಹೆಜ್ಜೆ ಬಿಟ್ಟರೆ ಶೂಟ್ ಮಾಡುವ ಫೋನಿನ ತಪ್ಪನ್ನು ಬಡ್ಸ್ ತಲೆಗೆ ಕಟ್ಟಿದ ಹಾಗಾಗುತ್ತದೆ. ಬಡ್ಸ್‌ನಲ್ಲಿ ಐದು ಸಲ ಎಣಿಸಿದಾಗ 13, 12, 13, 14, 13 ಬಂತು. 13ರಲ್ಲಿ 1 ಕಳೆದರೆ 12 ಫ್ರೇಮ್. 60ಕ್ಕೆ ಭಾಗಿಸಿದರೆ ಒಂದು ಸೆಕೆಂಡಿನ ಐದನೇ ಒಂದು ಪಾಲು, ಸರಿಯಾಗಿ 200 ಮಿಲಿಸೆಕೆಂಡ್. ನನ್ನ ಕಣ್ಣು ಅಂದಾಜಿನಲ್ಲಿ ಎಳೆದ 5 ಫ್ರೇಮ್ ಇದೇ. ಒಂದು ಕಡೆ ಸಿಟ್ಟು ಬಂತು, ಇನ್ನೊಂದು ಕಡೆ ಕಣ್ಣು ಇನ್ನೂ ಚುರುಕಾಗಿದೆ ಅಂತ ಖುಷಿಯೂ ಆಯಿತು.

ಆಮೇಲೆ ಅದೇ ಫೈಲನ್ನು ಅದೇ ಬಡ್ಸ್‌ನಲ್ಲಿ ನನ್ನ ಫೋನಿನಿಂದ, ಎಲ್ಲರೂ ನೋಡುವ ಒಂದು ವಿಡಿಯೋ ಆ್ಯಪ್‌ನಲ್ಲಿ ಹಾಕಿ ಅಳೆದೆ. 2 ಫ್ರೇಮ್ ಅಷ್ಟೇ. ಬಡ್ಸ್ ಒಳಗಿನ ಟಾಕಿ ಅದೇ, ಅಷ್ಟೇ ದೊಡ್ಡದು. ಹಾಗಾದರೆ ತಡ ಎಲ್ಲಿ ಹೋಯಿತು?

ಎಲ್ಲೂ ಹೋಗಿಲ್ಲ. ತಡವಾಗಿ ಬರುವ ಧ್ವನಿಯನ್ನು ಯಾವ ಆ್ಯಪ್‌ಗೂ ಬೇಗ ತರಲು ಆಗೋದಿಲ್ಲ. ಆದರೆ ಚಿತ್ರವನ್ನು ತಡೆದು ಹಿಡಿಯಬಹುದು. ಬ್ಲೂಟೂತ್ ನಿಯಮದಲ್ಲಿ ಅದಕ್ಕೊಂದು ವ್ಯವಸ್ಥೆ ಇದೆ. ನನ್ನ ಕಡೆ ಇಷ್ಟು ತಡ ಆಗುತ್ತದೆ ಅಂತ ಬಡ್ಸ್ ತಾನೇ ಫೋನಿಗೆ ಹೇಳುತ್ತದೆ, ಅದೂ ಮಿಲಿಸೆಕೆಂಡಿನ ಹತ್ತನೇ ಒಂದು ಪಾಲಿನ ಲೆಕ್ಕದಲ್ಲಿ. ಫೋನ್ ತನ್ನ ಕಡೆಯ ತಡವನ್ನೂ ಸೇರಿಸಿಕೊಳ್ಳುತ್ತದೆ. ಆಂಡ್ರಾಯ್ಡ್‌ನಲ್ಲಿ ವಿಡಿಯೋ ಆ್ಯಪ್ `AudioTrack.getTimestamp()` ಅಂತ ಕೇಳಿದರೆ, ಧ್ವನಿಯ ಯಾವ ಭಾಗ ಯಾವ ಕ್ಷಣಕ್ಕೆ ಹೊರಗೆ ಕೇಳಿಸುತ್ತದೆ ಅನ್ನೋ ಲೆಕ್ಕ ಸಿಗುತ್ತದೆ. ಐಫೋನ್‌ನಲ್ಲಿ ಇದೇ ಕೆಲಸಕ್ಕೆ `outputLatency` ಇದೆ. ಆ್ಯಪ್ ಧ್ವನಿಯನ್ನೇ ಗಡಿಯಾರ ಅಂತ ಇಟ್ಟುಕೊಂಡು ಒಂದೊಂದು ಫ್ರೇಮನ್ನೂ ಅದರ ಮಾತಿನ ಹೊತ್ತಿಗೆ ಬಿಡುತ್ತದೆ. ಪ್ಲೇ ಒತ್ತಿದಾಗ ಗಮನಿಸಿ, ಬಡ್ಸ್ ಹಾಕಿದ್ದರೆ ಕೆಲವು ಆ್ಯಪ್‌ಗಳಲ್ಲಿ ಚಿತ್ರ ಒಂದು ಚೂರು ನಿಂತು ಹೊರಡುತ್ತದೆ.

ಬಡ್ಸ್ ಸುಳ್ಳು ಲೆಕ್ಕ ಕೊಟ್ಟರೆ, ಅಥವಾ ಕೊಡದೇ ಇದ್ದರೆ, ಫೋನ್ ಅಂದಾಜಿನ ಮೇಲೆ ಹೋಗಬೇಕು. ಆಗ ಒಳ್ಳೆಯ ಆ್ಯಪ್‌ನಲ್ಲೂ ತುಟಿ ಜಾರುತ್ತದೆ. ಇದನ್ನು ಗುರುತಿಸೋದು ಸುಲಭ. ಎಲ್ಲ ಆ್ಯಪ್‌ನಲ್ಲೂ ಒಂದೇ ಸಮ ತಡ ಇದ್ದರೆ ಬಡ್ಸ್ ಅಥವಾ ಫೋನಿನ ಲೆಕ್ಕ ತಪ್ಪು. ಒಂದರಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು ಅಂದರೆ ಆ ಎರಡನೇ ಆ್ಯಪ್ ಲೆಕ್ಕ ಕೇಳುತ್ತಲೇ ಇಲ್ಲ. ನನ್ನ ಎಡಿಟಿಂಗ್ ಸಾಫ್ಟ್‌ವೇರ್ ಈ ಎರಡನೇ ಜಾತಿಯದ್ದು.

ಲ್ಯಾಪ್‌ಟಾಪ್‌ನ ವಿಎಲ್‌ಸಿಯಲ್ಲಿ ಈ ಲೆಕ್ಕವನ್ನು ನಾವೇ ಕೈಯಿಂದ ಕೊಡಬಹುದು. `J` ಒತ್ತಿದರೆ ಧ್ವನಿ 50 ಮಿಲಿಸೆಕೆಂಡ್ ಮುಂದೆ ಬರುತ್ತದೆ, `K` ಒತ್ತಿದರೆ ಅಷ್ಟೇ ಹಿಂದೆ ಹೋಗುತ್ತದೆ. ತಡ ಪೂರ್ತಿ ಕಾಣುತ್ತಿದ್ದರೆ ನನ್ನ ಬಡ್ಸ್‌ಗೆ ನಾಲ್ಕು ಸಲ `J`. ಪರದೆಯ ಮೇಲೆ ಮೈನಸ್ 200 ಬಂದರೆ ಆಯಿತು. ಬಡ್ಸ್ ತೆಗೆದ ಮೇಲೆ ಸೊನ್ನೆಗೆ ತರಲು ಮರೆಯಬೇಡಿ. ನಾನು ಮರೆತು, ಸರಿಯಾಗಿದ್ದ ಫೈಲನ್ನೂ ತಿದ್ದಲು ಕೂತಿದ್ದೆ.

ಫೋನಿನ ಆಟದಲ್ಲಿ ಚಿತ್ರ ತಡೆದು ಹಿಡಿಯುವ ಉಪಾಯ ನಡೆಯೋದಿಲ್ಲ. ಮುಂದೆ ಬರುವ ಚಿತ್ರ ಆಟಕ್ಕೇ ಗೊತ್ತಿರೋದಿಲ್ಲ, ನೀವು ಬೆರಳಿಟ್ಟ ಮೇಲೆ ಹುಟ್ಟುತ್ತದೆ. ಅದನ್ನು 200 ಮಿಲಿಸೆಕೆಂಡ್ ತಡೆದರೆ ಬೆರಳಿಗೂ ಪರದೆಗೂ ಸಂಬಂಧ ಹೋಗುತ್ತದೆ. ಅದಕ್ಕೇ ಬಡ್ಸ್‌ನಲ್ಲಿ ಗೇಮ್ ಮೋಡ್ ಅಂತ ಕೊಡುತ್ತಾರೆ, ಟಾಕಿಯನ್ನೇ ಸಣ್ಣದು ಮಾಡೋದು. ನನ್ನದರಲ್ಲಿ ಅದನ್ನು ಹಾಕಿ ಅಳೆದರೆ ಅಡ್ಡ ಲೆಕ್ಕ ಕಳೆದು 6 ಫ್ರೇಮ್, ಅಂದರೆ 100 ಮಿಲಿಸೆಕೆಂಡ್. ಡಬ್ಬಿಯ ಮೇಲೆ ಬರೆದದ್ದು 60. ಟಾಕಿ ಸಣ್ಣದಾದ್ದರಿಂದ ಫೋನ್ ಹಿಂದಿನ ಜೇಬಿಗೆ ಹೋದರೆ ಸಾಕು, ಧ್ವನಿ ತುಂಡು ತುಂಡಾಗುತ್ತದೆ.

ಕಾಕಾಗೆ ಅಷ್ಟು ಕಿರಿಕಿರಿ ಆಗಿದ್ದಕ್ಕೂ ಕಾರಣ ಇದೆ. ಧ್ವನಿ ಹಿಂದೆ ಬಿದ್ದರೆ ಮನುಷ್ಯ ಸ್ವಲ್ಪ ಸಹಿಸುತ್ತಾನೆ. ಶರಣಬಸವೇಶ್ವರ ಜಾತ್ರೆಯಲ್ಲಿ 70 ಮೀಟರ್ ಆಚೆ ಹಲಗೆ ಬಾರಿಸುವವನನ್ನು ನೋಡಿ. ಕೋಲು ಬಿದ್ದು ಐದನೇ ಒಂದು ಪಾಲು ಸೆಕೆಂಡ್ ಆದ ಮೇಲೆ ಸದ್ದು ಬರುತ್ತದೆ. ನಮಗೆ ಅದು ರೂಢಿ. ಕೋಲು ಬೀಳುವ ಮೊದಲೇ ಸದ್ದು ಬಂದದ್ದನ್ನು ಯಾರೂ ಕಂಡಿಲ್ಲ. ಟಿವಿ ಪ್ರಸಾರದ ಅಂತರರಾಷ್ಟ್ರೀಯ ಶಿಫಾರಸಿನಲ್ಲೂ ಈ ಭೇದ ಇದೆ. ಧ್ವನಿ 185 ಮಿಲಿಸೆಕೆಂಡ್ ಹಿಂದೆ ಬೀಳುವವರೆಗೆ ಒಪ್ಪಬಹುದು, ಮುಂದೆ ಬಂದರೆ ಮಾತ್ರ 90ಕ್ಕೇ ಮುಗಿಯಿತು. ನಾನು 200 ಮುಂದೆ ತಂದು ಇಟ್ಟಿದ್ದೆ.

ಆ ಇಡೀ ಪ್ರಾಜೆಕ್ಟ್‌ನಲ್ಲಿ ಬೇರೆ ರೆಕಾರ್ಡರ್‌ನ ಧ್ವನಿ ಕೂಡಿಸಿದ್ದು ಮೂರು ಕಡೆ. ಮೂರನ್ನೂ 5 ಫ್ರೇಮ್ ಹಿಂದಕ್ಕೆ ಸರಿಸಿ, ಈ ಸಲ ಸ್ಪೀಕರ್‌ನಲ್ಲಿ ಕೇಳಿ, ಹೊಸ ವೈರ್ ಹೆಡ್‌ಫೋನ್ ತಂದು ಅದರಲ್ಲೂ ಕೇಳಿ, ಮತ್ತೆ ಪೆನ್‌ಡ್ರೈವ್‌ಗೆ ಹಾಕಿ ಚಿತ್ತಾಪುರಕ್ಕೆ ನಾನೇ ಒಯ್ದೆ. ಟಿವಿಗೆ ಹಚ್ಚಿದರು.

"ಈಗ ಬರಾಬರಿ ಅದ ನೋಡ್ ತಮ್ಮಾ" ಅಂದರು ಕಾಕಾ, ಚಹಾ ತರಿಸಿದರು.

ಅಷ್ಟರಲ್ಲಿ ಅವರ ಮೊಮ್ಮಗ ಫೈಲನ್ನು ತನ್ನ ಫೋನಿಗೆ ಹಾಕಿಕೊಂಡು ಮೂಲೆಯಲ್ಲಿ ಕೂತು ನೋಡುತ್ತಿದ್ದ. "ಮಾಮಾ, ಈಗ ಮಾತು ಹಿಂದ ಬರ್ಲಾಕತ್ತದ" ಅಂದ. ಕಾಕಾ ನನ್ನ ಮುಖ ನೋಡಿದರು. ನಾನು ಹುಡುಗನ ಕಿವಿ ನೋಡಿದೆ.

"ಕಿವ್ಯಾಗಿಂದು ತೆಗೆದು ನೋಡಪಾ" ಅಂದೆ.