ಚಾಕು ಕೊಳ್ಳುವಾಗ ಅಲಗಿನ ಆಕಾರವನ್ನು ಗಮನಿಸಿ
ಮೈಸೂರಿನ ದೇವರಾಜ ಮಾರುಕಟ್ಟೆಯ ಸುತ್ತಮುತ್ತ ಚಾಕು ಕೊಳ್ಳುವವರು ಮೊದಲು ಅಲಗಿನ ಆಕಾರವನ್ನು ನೋಡಬೇಕೆಂದು ಕೋರುತ್ತೇನೆ. ಹಿಡಿಯ ಬಳಿ ಅಗಲವಾಗಿದ್ದು, ಅಂಚು ಬಾಗುತ್ತಾ ಚೂಪಾದ ತುದಿಗೆ ಏರಿದರೆ ಅದು ಶೆಫ್ ಚಾಕು; ತುದಿಯನ್ನು ಮಣೆಗೆ ಊರಿ ಹಿಡಿಯನ್ನಾಡಿಸುತ್ತಾ ಸೊಪ್ಪು ಹೆಚ್ಚಲು ಆ ಬಾಗೇ ನೆರವಾಗುತ್ತದೆ. ಸಿಪ್ಪೆ ತೆಗೆಯುವ ಪೇರಿಂಗ್ ಚಾಕುವಿನ ಅಲಗು ಸುಮಾರು 8ರಿಂದ 10 ಸೆಂ.ಮೀ. ಮಾತ್ರ ಇರುವುದರಿಂದ ಅದರ ಗುರುತು ಸುಲಭ.

ನಿಜವಾದ ಗೊಂದಲವಿರುವುದು ಆಯತಾಕಾರದ ಅಲಗಿನಲ್ಲಿ. ಮೂಳೆ ಕಡಿಯುವ ಕ್ಲೀವರ್ ಹಾಗೂ ತರಕಾರಿ ಹೆಚ್ಚುವ ಚೀನೀ ಚಾಕು ಪಕ್ಕದಿಂದ ಒಂದೇ ರೀತಿ ಕಾಣುತ್ತವೆ. ಆದ್ದರಿಂದ ಬೆನ್ನಿನ ಕಡೆಯಿಂದ ನೋಡಿ. ಬೆನ್ನು ದಪ್ಪವಾಗಿದ್ದು, ಅಂಚಿನ ಹತ್ತಿರವೂ ಆ ದಪ್ಪ ಬಹುಮಟ್ಟಿಗೆ ಉಳಿದಿದ್ದರೆ ಅದು ಕ್ಲೀವರ್. ಬೆನ್ನು ಸುಮಾರು 2 ಮಿ.ಮೀ. ಇದ್ದು, ಅಂಚಿನತ್ತ ತೀರಾ ತೆಳುವಾದರೆ ತರಕಾರಿಯದು. ಅದರಿಂದ ಕುರಿಯ ಮೂಳೆ ಕಡಿದರೆ ಅಂಚು ಮುಕ್ಕಾಗುತ್ತದೆ.