ವರ್ಗಾವಣೆ ರದ್ದಾಗಿದ್ದು ಒಂದು ದಿನಾಂಕದಿಂದ

ವರ್ಗಾವಣೆ ಆದೇಶ ಹಿಡಿದು ನನ್ನ ಕಚೇರಿಗೆ ಬರುವ ನೌಕರರು ಮೊದಲು ಹೇಳುವುದು ತಮಗಾದ ಅನ್ಯಾಯವನ್ನು. ನಾನು ಮೊದಲು ಕೇಳುವುದು ಮೂರು ವಿಷಯ: ಈಗಿನ ಜಾಗಕ್ಕೆ ಯಾವಾಗ ಹಾಜರಾದಿರಿ? ಆದೇಶದ ದಿನಾಂಕ ಯಾವುದು? ಪ್ರಭಾರ ಬಿಟ್ಟುಕೊಟ್ಟಿದ್ದೀರೋ ಇಲ್ಲವೋ? ಅವರ ನೋವಿನ ಬಗ್ಗೆ ನನಗೆ ಅಸಡ್ಡೆ ಇಲ್ಲ. ಆದರೆ ರಾಯಚೂರಿನಿಂದ ಕಲಬುರಗಿಗೆ ಹೋಗಿ ಆಡಳಿತ ನ್ಯಾಯಮಂಡಳಿಯ ಪೀಠದ ಮುಂದೆ ನಿಂತಾಗ ಮಾತಿಗೆ ಬೆಲೆ ಬರುವುದು ಈ ಮೂರು ಉತ್ತರಗಳಿಂದಲೇ.

ನೀರಾವರಿ ಉಪವಿಭಾಗವೊಂದರ ಸಹಾಯಕ ಎಂಜಿನಿಯರ್ ಒಬ್ಬರ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ವಿತರಣಾ ನಾಲೆ ಅವರ ಸುಪರ್ದಿಯಲ್ಲಿತ್ತು. ಮೇಲ್ಭಾಗದಲ್ಲಿ ಅಕ್ರಮ ಪಂಪ್‌ಸೆಟ್ ಹಾಕಿ ನೀರೆತ್ತುವುದು, ಕೊನೆಯ ಭಾಗದ ರೈತರ ಭತ್ತ ಒಣಗುವುದು ನಮ್ಮ ಜಿಲ್ಲೆಯ ಹಳೆಯ ಸಂಕಟ. ಬಂದು ವರ್ಷವೂ ತುಂಬದ ಈ ಅಧಿಕಾರಿ ಪಂಪ್‌ಸೆಟ್‌ಗಳನ್ನು ಕೀಳಿಸಲು ಹೊರಟರು. ಕೆಲವೇ ವಾರಗಳಲ್ಲಿ ಅವರನ್ನು ದೂರದ ಜಿಲ್ಲೆಗೆ ವರ್ಗಾಯಿಸಿ, ಅವರ ಜಾಗಕ್ಕೆ ಇನ್ನೊಬ್ಬರನ್ನು ನೇಮಿಸಿದ ಆದೇಶ ಬಂತು. ಕಾರಣ ಎಂದು ಅದರಲ್ಲಿದ್ದದ್ದು ಒಂದೇ ಮಾತು: ‘ಸಾರ್ವಜನಿಕ ಹಿತದೃಷ್ಟಿಯಿಂದ’.

‘ವಕೀಲರೇ, ಇದರಲ್ಲಿ ಯಾರ ಕೈವಾಡವಿದೆ ಎಂದು ಇಡೀ ತಾಲ್ಲೂಕಿಗೇ ಗೊತ್ತು. ಅದನ್ನೇ ಬರೆಯಿರಿ’ ಎಂದರು.

ನಾನು ಅದನ್ನು ಬರೆಯಲಿಲ್ಲ. ಅವರ ಮಾತು ನಿಜವೆಂದೇ ನಾನು ನಂಬಿದ್ದೆ. ಆದರೂ ದುರುದ್ದೇಶವನ್ನು ಆರೋಪಿಸುವುದಾದರೆ ಆ ವ್ಯಕ್ತಿಯನ್ನು ಹೆಸರು ಹಿಡಿದು ಪ್ರತಿವಾದಿ ಮಾಡಬೇಕು. ಯಾವಾಗ, ಯಾರಿಗೆ, ಏನು ಹೇಳಿ ಒತ್ತಡ ತಂದರು ಎಂಬುದಕ್ಕೆ ಆಧಾರ ಇಡಬೇಕು. ಊರಿಗೆಲ್ಲ ಗೊತ್ತಿರುವುದು ಆಧಾರವಾಗುವುದಿಲ್ಲ. ಶಾಸಕರೊಬ್ಬರ ಶಿಫಾರಸು ಪತ್ರ ಸಿಕ್ಕರೂ ಅಷ್ಟರಿಂದಲೇ ಆದೇಶ ಬಿದ್ದುಹೋಗದು. ಜನಪ್ರತಿನಿಧಿ ಶಿಫಾರಸು ಮಾಡಿದ್ದಾರೆ ಎಂಬ ಒಂದೇ ಕಾರಣಕ್ಕೆ ವರ್ಗಾವಣೆ ಕೆಡುವುದಿಲ್ಲ ಎಂದು ಮೊಹಮ್ಮದ್ ಮಸೂದ್ ಅಹ್ಮದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿಬಿಟ್ಟಿದೆ. ಸರ್ಕಾರಿ ವಕೀಲರು ಈ ತೀರ್ಪನ್ನು ಕೈಯಲ್ಲಿ ಹಿಡಿದುಕೊಂಡೇ ಬರುತ್ತಾರೆ.

ಹಾಗಾದರೆ ಉಳಿದ ದಾರಿ ಯಾವುದು? ಶಿಲ್ಪಿ ಬೋಸ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ಇಂದಿಗೂ ಗಡಿ ಗೆರೆ. ಕಡ್ಡಾಯವಾದ ಶಾಸನಬದ್ಧ ನಿಯಮದ ಉಲ್ಲಂಘನೆ ಇರಬೇಕು, ಇಲ್ಲವೇ ದುರುದ್ದೇಶ ಇರಬೇಕು. ಅಧಿಕಾರವೇ ಇಲ್ಲದವರು ಆದೇಶ ಹೊರಡಿಸಿದ್ದರೆ ಅದೂ ನಿಲ್ಲುವುದಿಲ್ಲ. ಇದರಾಚೆ ಯಾರು ಎಲ್ಲಿ ಕೆಲಸ ಮಾಡಬೇಕು ಎಂಬುದು ಸರ್ಕಾರಕ್ಕೆ ಬಿಟ್ಟ ವಿಷಯ. ಕರ್ನಾಟಕದಲ್ಲಿ ನಮಗೆ ಒಂದು ಅನುಕೂಲವಿದೆ. 2013ರ ಜೂನ್ 7ರ ವರ್ಗಾವಣಾ ಮಾರ್ಗಸೂಚಿಯ ಪ್ರಕಾರ, ನಿಗದಿತ ಕನಿಷ್ಠ ಅವಧಿ ಮುಗಿಯುವ ಮೊದಲೇ ನೌಕರನನ್ನು ಕದಲಿಸಬೇಕಾದರೆ ಕಾರಣ ದಾಖಲಿಸಿ ಮುಖ್ಯಮಂತ್ರಿಗಳ ಪೂರ್ವಾನುಮೋದನೆ ಪಡೆಯಬೇಕಿತ್ತು. ಇದನ್ನು ಬರಿಯ ಸಲಹೆ ಎಂದು ತಳ್ಳಿಹಾಕದೆ, ಪಾಲನೆಯಾಗದ ಆದೇಶಗಳನ್ನು ನ್ಯಾಯಮಂಡಳಿಯೂ ಹೈಕೋರ್ಟೂ ರದ್ದು ಮಾಡಿವೆ. ನಮ್ಮ ಅರ್ಜಿಯ ಬೆನ್ನೆಲುಬು ಇದೇ ಆಯಿತು.

ಅದಕ್ಕೂ ಮೊದಲು ತುರ್ತಿನ ಕೆಲಸವೊಂದಿತ್ತು. ವರ್ಗಾವಣೆಯ ಕೆಲಸದಲ್ಲಿ ನಿಜವಾದ ಓಟವಿರುವುದು ಪ್ರಭಾರ ಹಸ್ತಾಂತರದ ಪ್ರಮಾಣಪತ್ರದ ಜೊತೆ. ಆ ಹಾಳೆಯಲ್ಲಿ ದಿನಾಂಕ ಮಾತ್ರವಲ್ಲ, ಪೂರ್ವಾಹ್ನವೋ ಅಪರಾಹ್ನವೋ ಎಂಬುದನ್ನೂ ನಮೂದಿಸುತ್ತಾರೆ. ಹೊಸಬರು ಬಂದು ಅಧಿಕಾರ ವಹಿಸಿಕೊಂಡ ಮೇಲೆ ತಡೆಯಾಜ್ಞೆ ಕೇಳಿದರೆ ‘ಆದೇಶ ಜಾರಿಯಾಗಿಹೋಗಿದೆ, ಇನ್ನು ತಡೆಯುವುದು ಏನನ್ನು?’ ಎಂಬ ಪ್ರಶ್ನೆ ಬರುತ್ತದೆ. ಎಂಜಿನಿಯರ್ ರಜೆ ಹಾಕಿ ಮನೆಯಲ್ಲಿ ಕೂರಲು ಯೋಚಿಸಿದ್ದರು. ಬೇಡವೆಂದೆ. ರಜೆಯಲ್ಲಿದ್ದರೆ ಹೊಸಬರು ಏಕಪಕ್ಷೀಯವಾಗಿ ಪ್ರಭಾರ ವಹಿಸಿಕೊಂಡು ವರದಿ ಕಳುಹಿಸುತ್ತಾರೆ. ಕಚೇರಿಯಲ್ಲೇ ಇದ್ದು, ಹಾಜರಾತಿಗೆ ಸಹಿ ಮಾಡಿ, ಮೇಲಧಿಕಾರಿಗೆ ಒಂದು ಪುಟದ ಮನವಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ ಎಂದೆ. ಜೊತೆಗೆ ತಡೆಯಾಜ್ಞೆ ಸಿಗದಿದ್ದರೆ ಹೊಸ ಜಾಗಕ್ಕೆ ಹೋಗಿ ಹಾಜರಾಗಲೇಬೇಕೆಂದು ಖಚಿತವಾಗಿ ತಿಳಿಸಿದೆ. ಮನವಿ ಬಾಕಿ ಇದೆ ಎಂದು ಹಾಜರಾಗದೆ ಉಳಿದವರಿಗೆ ರಕ್ಷಣೆಯಿಲ್ಲ. ಗುಜರಾತ್ ವಿದ್ಯುಚ್ಛಕ್ತಿ ಮಂಡಳಿಯ ನೌಕರರೊಬ್ಬರು ಹೀಗೆ ಮಾಡಿ ಕೆಲಸ ಕಳೆದುಕೊಂಡದ್ದನ್ನು ಸುಪ್ರೀಂ ಕೋರ್ಟ್ 1989ರಲ್ಲಿ ಎತ್ತಿಹಿಡಿದಿದೆ.

ಅರ್ಜಿಯನ್ನು 1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆಯ 19ನೇ ಪ್ರಕರಣದ ಅಡಿ ಸಲ್ಲಿಸಿದೆವು. ನೇರವಾಗಿ ಹೈಕೋರ್ಟಿಗೆ ಹೋಗುವಂತಿಲ್ಲ. ನ್ಯಾಯಮಂಡಳಿಯ ತೀರ್ಪು ಬಂದ ಮೇಲಷ್ಟೇ ಅಲ್ಲಿಗೆ ದಾರಿ. ಅವರ ಜಾಗಕ್ಕೆ ಬರಲಿದ್ದವರನ್ನೂ ಪ್ರತಿವಾದಿ ಮಾಡಿದೆವು. ಆದೇಶ ರದ್ದಾದರೆ ನಷ್ಟವಾಗುವುದು ಅವರಿಗೆ. ಅವರ ಮಾತು ಕೇಳದೆ ಪಡೆದ ಆದೇಶ ಹೈಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅರ್ಜಿಯಲ್ಲಿ ಮಕ್ಕಳ ಶಾಲೆ, ತಾಯಿಯ ಕಾಯಿಲೆ ಯಾವುದನ್ನೂ ಸೇರಿಸಲಿಲ್ಲ. ಅವು ಇಲಾಖೆಗೆ ಕೊಡುವ ಮನವಿಯಲ್ಲಿ ಇರಬೇಕಾದವು. ಪಂಪ್‌ಸೆಟ್ ತೆರವಿನ ವರದಿಗಳನ್ನು ಘಟನಾವಳಿಯಾಗಿ ಮಾತ್ರ ಇಟ್ಟು, ಮೂಲ ಕಡತವನ್ನು ತರಿಸಬೇಕೆಂದು ಪ್ರಾರ್ಥಿಸಿದೆವು. ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಉತ್ತರಕ್ಕೆ 30 ದಿನ ಕಾಯಬೇಕು. ಅಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ.

ಮೊದಲ ದಿನವೇ ಯಥಾಸ್ಥಿತಿಯ ಮಧ್ಯಂತರ ಆದೇಶ ಸಿಕ್ಕಿತು. ಮುಂದಿನ ವಿಚಾರಣೆಗೆ ಸರ್ಕಾರಿ ವಕೀಲರು ಕಡತ ತಂದರು. ಟಿಪ್ಪಣಿ ಹಾಳೆಯ ಮೊದಲ ಕಂಡಿಕೆಯಲ್ಲಿ ಶಿಫಾರಸು ಪತ್ರದ ಉಲ್ಲೇಖ, ಕೆಳಗೆ ‘ಪ್ರಸ್ತಾವದಂತೆ’ ಎಂಬ ಒಂದೇ ಪದ, ಅದರಡಿ ಸಹಿ. ಏಕೆ ಈ ಅಧಿಕಾರಿಯನ್ನೇ, ಏಕೆ ಅವಧಿಗೆ ಮುನ್ನ ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ. ಮುಖ್ಯಮಂತ್ರಿಗಳ ಅನುಮೋದನೆ ಕಡತದಲ್ಲಿತ್ತು, ಆದರೆ ಅದರ ದಿನಾಂಕ ವರ್ಗಾವಣೆ ಆದೇಶದ ನಂತರದ್ದು. ‘ಘಟನೋತ್ತರ ಅನುಮೋದನೆಯೂ ಅನುಮೋದನೆಯೇ’ ಎಂದು ವಾದಿಸಿದರು. ಪೀಠ ಒಪ್ಪಲಿಲ್ಲ. ಪೂರ್ವಾನುಮೋದನೆ ಎಂದರೆ ಮೊದಲೇ ಯೋಚಿಸಿ ತೀರ್ಮಾನಿಸುವುದು. ಹೊರಟುಹೋದ ಆದೇಶಕ್ಕೆ ಆಮೇಲೆ ಮುದ್ರೆ ಒತ್ತಿದರೆ ನೌಕರನಿಗಿದ್ದ ರಕ್ಷಣೆ ಹೆಸರಿಗಷ್ಟೇ ಉಳಿಯುತ್ತದೆ ಎಂಬುದು ನಮ್ಮ ವಾದವಾಗಿತ್ತು. ಆದೇಶ ರದ್ದಾಯಿತು. ಪಂಪ್‌ಸೆಟ್‌ಗಳ ಬಗ್ಗೆ ತೀರ್ಪಿನಲ್ಲಿ ಒಂದು ಮಾತೂ ಇರಲಿಲ್ಲ. ಎಂಜಿನಿಯರಿಗೆ ಅದು ಬೇಸರ ತಂದಿತು; ನನಗೂ ತಂದಿತು.

ಅದೇ ಸಮಯದಲ್ಲಿ ಇನ್ನೊಬ್ಬ ನೌಕರರು ಬಂದಿದ್ದರು. ಅವರ ಪತ್ನಿ ಶಿಕ್ಷಕಿ, ದಂಪತಿ ಒಂದೇ ಕಡೆ ಇರಬೇಕೆಂಬುದು ಕೋರಿಕೆ. ಅವಧಿ ಮುಗಿದಿತ್ತು, ಆದೇಶ ಹೊರಡಿಸಿದ್ದು ಸಕ್ಷಮ ಪ್ರಾಧಿಕಾರವೇ. ಪತಿ-ಪತ್ನಿಯ ಮಾರ್ಗಸೂಚಿಯನ್ನು ಇಲಾಖೆ ಗಮನಿಸಬೇಕು, ಆದರೆ ಅದು ನ್ಯಾಯಾಲಯದಲ್ಲಿ ಚಲಾಯಿಸಬಹುದಾದ ಹಕ್ಕಲ್ಲ ಎಂದು ಎಸ್.ಎಲ್. ಅಬ್ಬಾಸ್ ಪ್ರಕರಣ 1993ರಲ್ಲೇ ತೀರ್ಮಾನಿಸಿದೆ. ಹಾಜರಾಗಿ, ಅಲ್ಲಿಂದಲೇ ಮನವಿ ಕೊಡಿ ಎಂದೆ. ಮನವಿಯನ್ನು ಪರಿಗಣಿಸಿ ಎಂಬ ನಿರ್ದೇಶನಕ್ಕಿಂತ ಹೆಚ್ಚಿನದನ್ನು ಕಲಬುರಗಿಯಿಂದ ತಂದುಕೊಡುತ್ತೇನೆಂದು ಹೇಳಿ ಅವರಿಂದ ಹಣ ಪಡೆಯುವುದು ನನಗೆ ಸರಿಕಾಣಲಿಲ್ಲ.

ಎಂಜಿನಿಯರ್ ಪ್ರಕರಣದ ತೀರ್ಪಿನ ಕೊನೆಯಲ್ಲಿ ‘ನಿಯಮಾನುಸಾರ ಹೊಸದಾಗಿ ಆದೇಶ ಹೊರಡಿಸಲು ಸರ್ಕಾರ ಸ್ವತಂತ್ರ’ ಎಂದಿತ್ತು. ಅದನ್ನು ನಾನು ಅವರಿಗೆ ಎರಡು ಸಲ ಓದಿ ಹೇಳಿದ್ದೆ. ಕನಿಷ್ಠ ಅವಧಿ ತುಂಬಿದ ನಂತರದ ಸಾರ್ವತ್ರಿಕ ವರ್ಗಾವಣೆಯಲ್ಲಿ ಅವರ ಹೆಸರು ಮತ್ತೆ ಬಂತು. ಆದೇಶವನ್ನು ನನಗೆ ತೋರಿಸಿದರು. ದಿನಾಂಕ, ಅವಧಿ, ಸಹಿ ಎಲ್ಲವೂ ಸರಿಯಿದ್ದವು. ಪ್ರಶ್ನಿಸಲು ಏನೂ ಇಲ್ಲವೆಂದೆ. ನಾಲೆಯ ಕೊನೆಯ ಭಾಗದವರೆಗೆ ನೀರು ಹರಿದ ಆ ಒಂದು ಹಂಗಾಮಿನ ಅಳತೆ ಪುಸ್ತಕವನ್ನು ಹೊಸಬರಿಗೆ ಒಪ್ಪಿಸಿ, ಅಪರಾಹ್ನ ಬಿಡುಗಡೆ ಹೊಂದಿ ಹೋದರು.